ಆಲಿಕೆ ಸಭೆ ಮುಗಿದ ಮೇಲೆ ಉಳಿಯುವುದು ನಡಾವಳಿ

“ಕೆಲವು ಗ್ರಾಮಸ್ಥರು ಧೂಳಿನ ಬಗ್ಗೆ ಆತಂಕ ವ್ಯಕ್ತಪಡಿಸಿದರು. ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು ಎಂದು ಯೋಜನಾ ಪ್ರತಿನಿಧಿಗಳು ಉತ್ತರಿಸಿದರು.”

ಪರಿಸರ ಸಾರ್ವಜನಿಕ ಆಲಿಕೆ ಸಭೆಗಳ ನಡಾವಳಿ ಓದಿದವರಿಗೆ ಇಂಥ ಸಾಲುಗಳು ಬಾಯಿಪಾಠವಾಗಿರುತ್ತವೆ. ಆ ಎರಡು ಸಾಲಿನ ಹಿಂದೆ ಅರ್ಧ ದಿನದ ಜಗಳ ಇದ್ದಿರಬಹುದು. ಮೇಷ್ಟ್ರು ಎದ್ದು ನಿಂತು ಶಾಲೆಯ ಕಿಟಕಿ ತೆರೆಯಲಾಗದ ಸ್ಥಿತಿ ವಿವರಿಸಿರಬಹುದು, ಯಾರೋ ಆಸ್ಪತ್ರೆ ಚೀಟಿಯನ್ನೇ ತಂದು ಮೇಜಿನ ಮೇಲೆ ಇಟ್ಟಿರಬಹುದು. ಕಡತಕ್ಕೆ ಹೋಗಿದ್ದು ಮಾತ್ರ “ಆತಂಕ ವ್ಯಕ್ತಪಡಿಸಿದರು” ಎಂಬಷ್ಟೇ. ಅನುಮತಿಗೆ ಶಿಫಾರಸು ಮಾಡುವ ಸಮಿತಿಯವರು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತಿರುತ್ತಾರೆ. ಅವರು ನಿಮ್ಮ ಊರಿನ ಶಾಮಿಯಾನದ ಕೆಳಗೆ ಕೂತಿರಲಿಲ್ಲ. ಅವರ ಮೇಜಿಗೆ ಬರುವುದು ನಡಾವಳಿ ಮತ್ತು ಅದರ ಲಗತ್ತುಗಳು. ಆದ್ದರಿಂದ ಸಭೆಯಲ್ಲಿ ಎಷ್ಟು ಜೋರಾಗಿ ಮಾತಾಡಿದಿರಿ ಎಂಬುದಕ್ಕಿಂತ, ಆಡಿದ ಮಾತು ಕಾಗದದ ಮೇಲೆ ಯಾವ ರೂಪದಲ್ಲಿ ಕೂತಿತು ಎಂಬುದು ಮುಖ್ಯ. ಅದನ್ನು ಸರಿಯಾಗಿ ಕೂರಿಸುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ಯಾರ ಸಭೆ, ಯಾರ ತೀರ್ಮಾನ

ಗಣಿ, ಸಿಮೆಂಟ್ ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರ, ಅಣೆಕಟ್ಟು, ಬಂದರು ಮುಂತಾದ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಕೇಂದ್ರ ಪರಿಸರ ಸಚಿವಾಲಯ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಇದಕ್ಕೆ ಆಧಾರ. ಸಾರ್ವಜನಿಕ ಸಮಾಲೋಚನೆ ಅದರ ಒಂದು ಹಂತ. ಈ ಹಂತಕ್ಕೆ ಎರಡು ಭಾಗಗಳಿವೆ. ಯೋಜನೆಯ ಜಾಗದಲ್ಲೇ ಅಥವಾ ಅದರ ಹತ್ತಿರದಲ್ಲಿ ನಡೆಯುವ ಆಲಿಕೆ ಸಭೆ ಒಂದು, ಲಿಖಿತವಾಗಿ ಬರುವ ಆಕ್ಷೇಪಣೆಗಳು ಇನ್ನೊಂದು. ಸಭೆಗೆ ಬರಲಾಗದವರ ಕಾಗದಕ್ಕೂ ಅಷ್ಟೇ ಬೆಲೆ ಇದೆ. ಎಲ್ಲ ಯೋಜನೆಗೂ ಈ ಸಭೆ ಇರುವುದಿಲ್ಲ ಎಂಬುದನ್ನೂ ಗಮನಿಸಿ. ಹೊಸದಾಗಿ ಜಮೀನು ಬೇಡದ ರಸ್ತೆ ಅಗಲೀಕರಣ, ಕಟ್ಟಡ ನಿರ್ಮಾಣದಂಥವನ್ನು ಅಧಿಸೂಚನೆಯೇ ಹೊರಗಿಟ್ಟಿದೆ.

ಕರ್ನಾಟಕದಲ್ಲಿ ಸಭೆ ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು. ಅವರು ಬರಲಾಗದಿದ್ದರೆ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕೆಳಗಿನವರನ್ನು ಕಳಿಸುವಂತಿಲ್ಲ. ತಹಶೀಲ್ದಾರರು ಬಂದು ಕುರ್ಚಿಯಲ್ಲಿ ಕೂತರೆ ಅದು ನಿಯಮದ ಸಭೆಯಲ್ಲ, ಅದನ್ನು ಆಗಲೇ ಎದ್ದು ಹೇಳಬಹುದು.

ಇಲ್ಲಿ ಬಹಳ ಮಂದಿಗೆ ಒಂದು ತಪ್ಪು ಕಲ್ಪನೆ ಇದೆ. ಸಭೆಯಲ್ಲಿ ಬಹುಮತ ವಿರೋಧಿಸಿದರೆ ಯೋಜನೆ ಬಿದ್ದುಹೋಗುತ್ತದೆ ಎಂದು ಲಾರಿಗಟ್ಟಲೆ ಜನ ಬರುತ್ತಾರೆ. ಪರವಾಗಿ ಕೈಯೆತ್ತಿಸಲು ಕಂಪನಿಯವರೂ ಇನ್ನೊಂದಷ್ಟು ಜನರನ್ನು ಕರೆತರುತ್ತಾರೆ. ಎರಡೂ ವ್ಯರ್ಥ. ಇಲ್ಲಿ ಮತ ಎಣಿಕೆ ಇಲ್ಲ, ಜಿಲ್ಲಾಧಿಕಾರಿಗೆ ಹೂಂ ಅಥವಾ ಊಹೂಂ ಅನ್ನುವ ಅಧಿಕಾರವೂ ಇಲ್ಲ. “ನಿಮ್ಮ ಅಭಿಪ್ರಾಯವನ್ನು ಸರ್ಕಾರಕ್ಕೆ ಕಳಿಸುತ್ತೇವೆ” ಎಂದು ಅವರು ಹೇಳಿದಾಗ ಜನ ಗೊಣಗುತ್ತಾರೆ, ಆದರೆ ಅದು ನುಣುಚಿಕೊಳ್ಳುವ ಮಾತಲ್ಲ. ಅವರ ಕೆಲಸ ನಿಜಕ್ಕೂ ಅಷ್ಟೇ. ಜನ ಕೇಳಿದ್ದಕ್ಕೆ ಉತ್ತರ ಕೊಡಬೇಕಾದವರು ಯೋಜನೆಯ ಅರ್ಜಿದಾರರು. ಅಧಿಕಾರಿಗಳೇ ಮೈಕ್ ಹಿಡಿದು ಯೋಜನೆಯ ಪರ ವಾದಿಸತೊಡಗಿದರೆ, “ಇದಕ್ಕೆ ಅರ್ಜಿದಾರರೇ ಉತ್ತರಿಸಲಿ, ಆ ಉತ್ತರ ನಡಾವಳಿಯಲ್ಲಿ ಬರಲಿ” ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಕೋರಂ ಎಂಬುದೂ ಇಲ್ಲ. ಹತ್ತು ಜನ ಬಂದರೂ ಸಭೆ ನಡೆದಂತೆಯೇ. ಹಾಗಾಗಿ ಬಹಿಷ್ಕಾರ ಹಾಕಿ ಹೊರನಡೆಯುವ ಮುಂಚೆ ಎರಡು ಸಲ ಯೋಚಿಸಬೇಕು. ಹೊರಗೆ ಘೋಷಣೆ ಕೂಗುತ್ತಿದ್ದಾಗ ಒಳಗೆ ಉಳಿದ ಕೆಲವರ ಮಾತೇ ಊರಿನ ಮಾತಾಗಿ ದಾಖಲಾದ ಉದಾಹರಣೆಗಳಿವೆ. ಹೊರಡಲೇಬೇಕೆಂದಿದ್ದರೆ ಕಾರಣ ಬರೆದ ಪತ್ರವನ್ನು ಅಧ್ಯಕ್ಷರ ಕೈಗೆ ಕೊಟ್ಟು, ಸ್ವೀಕೃತಿ ಪಡೆದು ಹೊರಡಿ.

ಮೂವತ್ತು ದಿನ

ಸಭೆಯ ದಿನಾಂಕವನ್ನು ಒಂದು ರಾಷ್ಟ್ರೀಯ ಪತ್ರಿಕೆಯಲ್ಲೂ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಿಸಬೇಕು. ಪ್ರಕಟಣೆಗೂ ಸಭೆಗೂ ನಡುವೆ ಕನಿಷ್ಠ 30 ದಿನ ಇರಬೇಕು. ಆ ಅವಧಿಯಲ್ಲಿ ಕರಡು ಪರಿಸರ ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಓದಲು ಸಿಗಬೇಕು. ವರದಿಯ ಕಾರ್ಯಕಾರಿ ಸಾರಾಂಶ ಕನ್ನಡದಲ್ಲೂ ಇರಬೇಕು. ಒಳ್ಳೆಯ ನಡಾವಳಿಯ ಬೀಜ ಬಿತ್ತುವುದು ಈ ಮೂವತ್ತು ದಿನದಲ್ಲೇ. ವರದಿ ನೋಡದೆ ಸಭೆಗೆ ಬಂದವರಿಗೆ “ಧೂಳು ಬರುತ್ತೆ” ಎನ್ನುವುದು ಬಿಟ್ಟು ಬೇರೇನೂ ಹೇಳಲು ಇರುವುದಿಲ್ಲ. ಧೂಳು ಬರುತ್ತದೆಂದು ವರದಿಯೇ ಒಪ್ಪಿಕೊಂಡಿರುತ್ತದೆ. ನೀರು ಚಿಮುಕಿಸುತ್ತೇವೆ ಎಂಬ ಪರಿಹಾರವೂ ಅಲ್ಲೇ ಇರುತ್ತದೆ. ಅಂಥ ಆಕ್ಷೇಪಣೆಗೆ ಉತ್ತರ ಮೊದಲೇ ಅಚ್ಚಾಗಿದೆ ಅಂದ ಹಾಗಾಯಿತು.

ವರದಿ ಐನೂರು ಪುಟ ಇರಬಹುದು, ಇಂಗ್ಲಿಷಿನಲ್ಲೇ ಇರಬಹುದು. ಎಲ್ಲವನ್ನೂ ಓದುವ ಅಗತ್ಯವಿಲ್ಲ. ಯೋಜನೆಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ ಸ್ಥಿತಿಗತಿ ವಿವರಿಸುವ ಅಧ್ಯಾಯವೊಂದು ಇರುತ್ತದೆ. ಹತ್ತಿರದ ಶಾಲೆ ಎಷ್ಟು ದೂರ, ಕೆರೆ ಎಷ್ಟು ದೂರ, ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿ, ಗಾಳಿಯ ಮಾದರಿ ಎಲ್ಲಿಂದ ಯಾವ ತಿಂಗಳಲ್ಲಿ ತೆಗೆದದ್ದು ಎಂಬುದೆಲ್ಲ ಅಲ್ಲಿ ಅಂಕಿಯಲ್ಲಿರುತ್ತದೆ. ಊರಿನವರಿಗೆ ಆ ಅಂಕಿಗಳು ಸುಳ್ಳೋ ನಿಜವೋ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ದೆಹಲಿಯ ತಜ್ಞರಿಗೆ ತಿಳಿಯುವುದಿಲ್ಲ. ಊರಿನವರ ನಿಜವಾದ ಬಲ ಇರುವುದು ಇಲ್ಲಿ.

ಅಂಕಿಯ ವ್ಯತ್ಯಾಸಕ್ಕೆ ಎಷ್ಟು ತೂಕವಿದೆ ಎಂಬುದಕ್ಕೆ ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯ ಪ್ರಕರಣ ನೋಡಿ. ಆ ಯೋಜನೆಗೆ ಕಡಿಯಬೇಕಾದ ಮರಗಳು 200ರಿಂದ 500 ಎಂದು ಮೊದಲು ಹೇಳಲಾಗಿತ್ತು, ಆಮೇಲಿನ ದಾಖಲೆಯಲ್ಲಿ ಅದು 16,685 ಆಯಿತು. ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಾಗ, ಮಾಹಿತಿ ಕೊಡುವುದರಲ್ಲೂ ಅದನ್ನು ಪರಿಶೀಲಿಸುವುದರಲ್ಲೂ ಆದ ಇಂಥ ಲೋಪಗಳನ್ನು ಎತ್ತಿ ತೋರಿಸಿ, ಹೊಸದಾಗಿ ಪರಿಸರ ಅಧ್ಯಯನ ನಡೆಸಲು ಆದೇಶಿಸಿತು.

ಒಂದು ಕಲ್ಲುಗಣಿ

ಈಗ ಒಂದು ಸಭೆಯನ್ನು ಕಲ್ಪಿಸಿಕೊಳ್ಳೋಣ. ಬಯಲುಸೀಮೆಯ ಒಂದು ತಾಲ್ಲೂಕು, ಇಪ್ಪತ್ತು ಎಕರೆಯ ಕಟ್ಟಡ ಕಲ್ಲಿನ ಗಣಿ, ಪಕ್ಕದಲ್ಲೇ ಕ್ರಷರ್. ಗಣಿಯನ್ನು ವಿಸ್ತರಿಸಲು ಅರ್ಜಿ ಬಿದ್ದಿದೆ. ಸಮುದಾಯ ಭವನದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಬಾಗಿಲಲ್ಲಿ ಹಾಜರಾತಿ ಪುಸ್ತಕ. ಸಹಿ ಹಾಕುವ ಮುಂಚೆ ಆ ಹಾಳೆಯ ಮೇಲ್ಭಾಗ ನೋಡಿಕೊಳ್ಳಿ. “ಹಾಜರಾತಿ” ಎಂದು ಬರೆದಿರಬೇಕು. ಖಾಲಿ ಹಾಳೆಗೆ ಸಹಿ ಬೇಡ, ಅದು ಆಮೇಲೆ “ಯೋಜನೆಗೆ ಸಮ್ಮತಿಸಿದವರ ಪಟ್ಟಿ” ಆದರೆ ಅಲ್ಲಗಳೆಯುವುದು ಕಷ್ಟ.

ಮೊದಲು ಅರ್ಜಿದಾರರ ಸಲಹೆಗಾರರು ಪರದೆಯ ಮೇಲೆ ಯೋಜನೆ ವಿವರಿಸುತ್ತಾರೆ. ನಂತರ ಜನರ ಸರದಿ. ಒಬ್ಬ ರೈತ ಮಹಿಳೆ ಎದ್ದು, “ಹೋದ ಬ್ಯಾಸಿಗೇಲಿ ಬಂಡೆ ಸಿಡಿಸಿದ ಮೇಲೆ ನಮ್ ಬೋರಲ್ಲಿ ಕೆಂಪು ನೀರು ಬಂತು ಸ್ವಾಮಿ, ಆಮೇಲೆ ಪೂರಾ ನಿಂತೋಯ್ತು. ಮಕ್ಕಳ ಮದ್ವೆಗೆ ಇಟ್ಟಿದ್ ದುಡ್ಡು ಇನ್ನೊಂದು ಬೋರಿಗೆ ಹೋಯ್ತು” ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಪರಿಸರ ಅಧಿಕಾರಿಯ ಪಕ್ಕ ಕೂತ ಸಿಬ್ಬಂದಿ “ಅಂತರ್ಜಲದ ಬಗ್ಗೆ ಪ್ರಸ್ತಾಪಿಸಿದರು” ಎಂದು ಬರೆದುಕೊಳ್ಳುತ್ತಾರೆ. ಅವರದೂ ತಪ್ಪಿಲ್ಲ, ಒಂದೇ ಉಸಿರಿಗೆ ಐದು ಸಂಗತಿ ಬಂದರೆ ಬರೆಯುವವರು ತಲೆಬರಹ ಮಾತ್ರ ಹಿಡಿಯುತ್ತಾರೆ. ಆಗ ಉತ್ತರವೂ ತಲೆಬರಹದ ಹಾಗೇ ಬರುತ್ತದೆ: “ಗಣಿಗಾರಿಕೆ ಅಂತರ್ಜಲ ಮಟ್ಟದ ಮೇಲಕ್ಕೇ ಸೀಮಿತವಾಗಿದ್ದು, ಯಾವುದೇ ಪರಿಣಾಮ ಇರುವುದಿಲ್ಲ.”

ಅದೇ ಮಾತನ್ನು ಅದೇ ಮಹಿಳೆ ಇನ್ನೊಂದು ರೀತಿ ಇಡಬಹುದಿತ್ತು. ತಮ್ಮ ಸರ್ವೆ ನಂಬರ್, ಗಣಿಯ ಅಂಚಿನಿಂದ ಬೋರು ಎಷ್ಟು ದೂರ, ಬೋರಿನ ಆಳ ಎಷ್ಟು ಅಡಿ, ನೀರು ಯಾವ ತಿಂಗಳು ನಿಂತಿತು. ಆಮೇಲೆ ಮೂರೇ ಪ್ರಶ್ನೆ: “ಗಣಿ ಕೊನೆಗೆ ಎಷ್ಟು ಅಡಿ ಆಳಕ್ಕೆ ಹೋಗುತ್ತೆ? ನಿಮ್ಮ ವರದಿಯಲ್ಲಿ ನೀರಿನ ಮಟ್ಟ ಎಷ್ಟು ಅಂತ ಬರೆದಿದ್ದೀರಿ? ನನ್ನ ಬೋರನ್ನು ನೀವು ಅಳೆದಿದ್ದೀರಾ?” ಈ ಪ್ರಶ್ನೆಗಳಿಗೆ “ಪರಿಣಾಮ ಇರುವುದಿಲ್ಲ” ಎಂಬುದು ಉತ್ತರವಾಗುವುದಿಲ್ಲ. ಅಳೆದಿದ್ದೇವೆ ಎನ್ನಬೇಕು, ಇಲ್ಲವೇ ಅಳೆದಿಲ್ಲ ಎನ್ನಬೇಕು. ಅಳೆದಿಲ್ಲ ಎಂದರೆ, ಮಳೆಗಾಲಕ್ಕೆ ಮುಂಚೆ ಒಂದು ಸಲ, ನಂತರ ಒಂದು ಸಲ ಸುತ್ತಲಿನ ಬೋರುಗಳನ್ನು ಅಳೆಯುತ್ತೇವೆ ಎಂಬ ಭರವಸೆಯನ್ನಾದರೂ ಕೊಡಬೇಕಾಗುತ್ತದೆ. ಮೂರರಲ್ಲಿ ಯಾವುದು ದಾಖಲಾದರೂ ನಿಮಗೆ ಉಪಯೋಗವೇ.

ಇನ್ನು ಮೇಷ್ಟ್ರು. ವರದಿಯಲ್ಲಿ ಹತ್ತಿರದ ಶಾಲೆ 1.2 ಕಿಲೋಮೀಟರ್ ದೂರ ಎಂದಿದೆ. ನಿಜಕ್ಕೂ ಊರಿನ ಕಿರಿಯ ಪ್ರಾಥಮಿಕ ಶಾಲೆ ಗಣಿಯ ಅಂಚಿನಿಂದ ನಾನೂರು ಮೀಟರ್‌ನಲ್ಲಿದೆ. ಅವರು ಭಾಷಣ ಮಾಡದೆ ಒಂದು ಹಾಳೆ ಬರೆದು ತಂದಿದ್ದಾರೆ. ಮೇಲೆ ಯೋಜನೆಯ ಹೆಸರು, ಕೆಳಗೆ ವರದಿಯ ಪುಟ ಸಂಖ್ಯೆ, ಅಲ್ಲಿ ಬರೆದಿರುವುದು, ನಿಜ ಸ್ಥಿತಿ, ಮೊಬೈಲಿನಲ್ಲಿ ತೆಗೆದ ನಕ್ಷೆಯ ಚಿತ್ರ. ಕೊನೆಗೆ ಎರಡು ಬೇಡಿಕೆ: ಅಂತಿಮ ವರದಿಯಲ್ಲಿ ದೂರವನ್ನು ತಿದ್ದಬೇಕು, ಶಾಲೆಯ ಬಳಿ ಗಾಳಿಯ ಮಾದರಿ ತೆಗೆದು ಫಲಿತಾಂಶ ಸೇರಿಸಬೇಕು. ಉಸಿರಾಡಬಹುದಾದ ದೂಳಿನ ಕಣ, ಅಂದರೆ ಪಿಎಂ 10, ಇಪ್ಪತ್ನಾಲ್ಕು ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೊಗ್ರಾಂ ದಾಟಬಾರದೆಂಬ ರಾಷ್ಟ್ರೀಯ ಮಾನದಂಡ ಇರುವುದರಿಂದ, ಮಾದರಿ ತೆಗೆದರೆ ಫಲಿತಾಂಶವನ್ನು ಹೋಲಿಸಲು ಒಂದು ಗೆರೆ ಸಿಗುತ್ತದೆ. ಮೇಷ್ಟ್ರು ಆ ಹಾಳೆಯನ್ನು ಓದಿ, ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳುತ್ತಾರೆ. ಬಾಯಿಮಾತನ್ನು ಸಾರಾಂಶ ಮಾಡಬಹುದು. ಮೊಹರು ಬಿದ್ದ ಹಾಳೆ ಲಗತ್ತಾಗಿ ಹೋಗಲೇಬೇಕು.

ಮೂರನೆಯವನು ಊರಿನ ಹುಡುಗ. “ನಮ್ಮೂರಿನ ಹುಡುಗರಿಗೆ ಕೆಲಸ ಕೊಡಿ, ಇಲ್ಲಾಂದ್ರೆ ಗಣಿ ಬೇಡ” ಎನ್ನುತ್ತಾನೆ. ಬೇಡಿಕೆ ಸಹಜವೇ, ಆದರೆ ಸಭೆಯ ಪರಿಣಾಮದ ದೃಷ್ಟಿಯಿಂದ ಇದು ಅಪಾಯಕಾರಿ. ನಡಾವಳಿಯಲ್ಲಿ ಇದು “ಉದ್ಯೋಗ ನೀಡಿದಲ್ಲಿ ಯೋಜನೆಗೆ ಸ್ವಾಗತ” ಎಂದಾಗುತ್ತದೆ, ಉತ್ತರ “ಅರ್ಹತೆಗೆ ಅನುಗುಣವಾಗಿ ಸ್ಥಳೀಯರಿಗೆ ಆದ್ಯತೆ” ಎಂದಾಗುತ್ತದೆ, ಮೌಲ್ಯಮಾಪನ ಸಮಿತಿ ಅದನ್ನು ಊರಿನ ಒಪ್ಪಿಗೆಯಾಗಿ ಓದುತ್ತದೆ. ಜಮೀನಿನ ಪರಿಹಾರದ ವಿಷಯವೂ ಹೀಗೇ. ಅದಕ್ಕೆ ಬೇರೆ ಕಾಯ್ದೆ, ಬೇರೆ ಅಧಿಕಾರಿ ಇದ್ದಾರೆ. ಸಮಿತಿ ತನ್ನ ಕೆಲಸವಲ್ಲ ಎಂದು ಪಕ್ಕಕ್ಕಿಡಬಹುದು. ಅಧಿಸೂಚನೆಯ ಪ್ರಕಾರ ಅರ್ಜಿದಾರರು ಪರಿಹರಿಸಲೇಬೇಕಾದದ್ದು ಪರಿಸರಕ್ಕೆ ಸಂಬಂಧಿಸಿದ ಮಹತ್ವದ ಆತಂಕಗಳನ್ನು. ಹೇಳುವುದನ್ನು ನೀರು, ಗಾಳಿ, ಸದ್ದು, ಕಂಪನ, ರಸ್ತೆ, ಬೆಳೆ, ಆರೋಗ್ಯ ಇವಕ್ಕೆ ಹೊಂದಿಸಿ ಹೇಳಿದರೆ ತಳ್ಳಿಹಾಕುವುದು ಕಷ್ಟವಾಗುತ್ತದೆ.

ಓದಿ ಹೇಳುವ ಆ ಹದಿನೈದು ನಿಮಿಷ

ಸಭೆಯ ಕೊನೆಯಲ್ಲಿ ಒಂದು ಕ್ರಮವಿದೆ, ಅದನ್ನು ಗೊತ್ತಿದ್ದವರೂ ಬಿಟ್ಟುಬಿಡುತ್ತಾರೆ. ಮಂಡಳಿಯ ಪ್ರತಿನಿಧಿ ಎಲ್ಲ ಅಭಿಪ್ರಾಯ ಮತ್ತು ಆತಂಕಗಳನ್ನು ಸರಿಯಾಗಿ ಬಿಂಬಿಸುವ ಸಾರಾಂಶ ಬರೆದುಕೊಂಡು, ಅದನ್ನು ಅಲ್ಲೇ ನೆರೆದವರಿಗೆ ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು. ಎಲ್ಲರೂ ಒಪ್ಪಿದ ನಡಾವಳಿಗೆ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅದೇ ದಿನ ಸಹಿ ಹಾಕಬೇಕು. ಇದು ಸೌಜನ್ಯವಲ್ಲ, ಅಧಿಸೂಚನೆಯ ನಾಲ್ಕನೇ ಅನುಬಂಧದಲ್ಲಿರುವ ನಿಯಮ.

ಆದರೆ ಅಷ್ಟೊತ್ತಿಗೆ ಮಧ್ಯಾಹ್ನ ಎರಡೂವರೆ ಆಗಿರುತ್ತದೆ. ಊಟದ ವಾಸನೆ ಬರುತ್ತಿರುತ್ತದೆ, ಊರಿನ ಬಸ್ಸು ಹೊರಟಿರುತ್ತದೆ. ಮಾತಾಡಿದವರು ಮಾತಾಡಿ ಆಯಿತಲ್ಲ ಎಂದು ಎದ್ದುಹೋಗಿರುತ್ತಾರೆ. ಓದುವವರು ಉಳಿದ ಇಪ್ಪತ್ತು ಜನರಿಗೆ ಗಡಗಡನೆ ಓದುತ್ತಾರೆ, ಕೆಲವು ಕಡೆ ಓದುವುದೇ ಇಲ್ಲ. ಹಾಗಾಗಿ ಮುಂಚೆಯೇ ಮಾತಾಡಿಕೊಂಡು ನಾಲ್ಕೈದು ಜನ ಕೊನೆಯವರೆಗೂ ಕೂರಬೇಕು, ಪ್ರತಿಯೊಬ್ಬರ ಕೈಯಲ್ಲೂ ತಮ್ಮ ಆಕ್ಷೇಪಣೆಯ ಪ್ರತಿ ಇರಬೇಕು. ಓದುವಾಗ ಗಮನಿಸಬೇಕಾದದ್ದು ಮೂರೇ. ಅಂಕಿ ಬಂತೇ? ಯಾರು ಯಾವ ಊರಿನವರು ಹೇಳಿದ್ದು ಎಂದು ಬಂತೇ? ಅರ್ಜಿದಾರರು ಬಾಯಲ್ಲಿ ಕೊಟ್ಟ ಭರವಸೆ ಅದೇ ಮಾತಿನಲ್ಲಿ ಬಂತೇ? ಬಾರದಿದ್ದರೆ ಎದ್ದು ನಿಂತು, “ಸಾರ್, ಮೂರನೇ ಕಂಡಿಕೆಯಲ್ಲಿ ಶಾಲೆ ನಾನೂರು ಮೀಟರ್ ಅಂತ ಬಂದಿಲ್ಲ, ಸೇರಿಸಿ” ಎಂದು ಕೇಳಿ. ಜಗಳ ಬೇಕಿಲ್ಲ. ಕ್ಯಾಮೆರಾ ಓಡುತ್ತಿರುತ್ತದೆ, ಇಡೀ ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ, ಅದರ ಪ್ರತಿಯೂ ನಡಾವಳಿಯ ಜತೆ ಹೋಗುತ್ತದೆ. ನೀವು ತಿದ್ದುಪಡಿ ಕೇಳಿದ್ದೂ ಅದರಲ್ಲಿ ದಾಖಲಾಗುತ್ತದೆ.

ಓದದೆಯೇ ಸಭೆ ಮುಗಿಸಿದರೆ? ಮಂಡಳಿ ನಡಾವಳಿಯನ್ನು ಅನುಮತಿ ಪ್ರಾಧಿಕಾರಕ್ಕೆ ಕಳಿಸಲು ಎಂಟು ದಿನದ ಗಡುವಿದೆ. ಅದಕ್ಕೆ ಮುಂಚೆ, ಅಂದರೆ ಮರುದಿನವೋ ಅದರ ಮರುದಿನವೋ, ಜಿಲ್ಲಾಧಿಕಾರಿಗೂ ಮಂಡಳಿಗೂ ಒಂದು ಪುಟದ ಪತ್ರ ಕೊಡಿ. ಇಂಥ ದಿನದ ಸಭೆಯಲ್ಲಿ ಸಾರಾಂಶ ಓದಿ ಹೇಳಲಿಲ್ಲ, ನಾವು ಹೇಳಿದ್ದು ಇವು, ನಡಾವಳಿಗೆ ಸೇರಿಸಿ ಎಂದಷ್ಟೇ ಸಾಕು. ಟಪಾಲು ವಿಭಾಗದ ಮೊಹರು ಮರೆಯಬೇಡಿ.

ನಡಾವಳಿ ಕೈಗೆ ಬಂದಾಗ

ಸಹಿಯಾದ ನಡಾವಳಿಯನ್ನು ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಜಿಲ್ಲಾಧಿಕಾರಿ ಕಚೇರಿ ಮತ್ತು ಮಂಡಳಿಯಲ್ಲಿ ಎದ್ದು ಕಾಣುವಂತೆ ಪ್ರದರ್ಶಿಸಬೇಕು, ಮಂಡಳಿಯ ಜಾಲತಾಣದಲ್ಲೂ ಹಾಕಬೇಕು. ಪಂಚಾಯಿತಿಯ ಸೂಚನಾ ಫಲಕದಲ್ಲಿ ಕಾಣದಿದ್ದರೆ ಪಿಡಿಒ ಅವರನ್ನು ಕೇಳಿ. ಅಲ್ಲೂ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ. ನಡಾವಳಿ, ಎಲ್ಲ ಲಗತ್ತು, ವಿಡಿಯೊ ಪ್ರತಿ ಎಂದು ಸ್ಪಷ್ಟವಾಗಿ ಬರೆಯಿರಿ. “ನಡಾವಳಿ ಪ್ರತಿ” ಎಂದು ಮಾತ್ರ ಕೇಳಿದರೆ ಲಗತ್ತಿಲ್ಲದ ನಾಲ್ಕು ಹಾಳೆ ಕೈಗೆ ಬರುವುದುಂಟು.

ಕೈಗೆ ಬಂದ ಮೇಲೆ ಮೊದಲು ಕೊನೆಯಿಂದ ಓದಿ. ನೀವು ಕೊಟ್ಟ ಹಾಳೆ ಲಗತ್ತಿನಲ್ಲಿದೆಯೇ, ಬಂದ ಲಿಖಿತ ಆಕ್ಷೇಪಣೆಗಳ ಸಂಖ್ಯೆ ಎಷ್ಟೆಂದು ಬರೆದಿದ್ದಾರೆ, ಅಷ್ಟು ಹಾಳೆಗಳು ನಿಜಕ್ಕೂ ಇವೆಯೇ ನೋಡಿ. ನಂತರ ಜನರ ಪ್ರಶ್ನೆ ಮತ್ತು ಅರ್ಜಿದಾರರ ಉತ್ತರದ ಪಟ್ಟಿಗೆ ಬನ್ನಿ. ಇದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಲು ಇಂಗ್ಲಿಷ್ ಬಲ್ಲ ಒಬ್ಬರನ್ನು ಕೂರಿಸಿಕೊಳ್ಳಿ. ಸಮಿತಿಯಲ್ಲಿ ಬಹುಪಾಲು ಓದುವುದು ಇಂಗ್ಲಿಷ್ ಪ್ರತಿಯನ್ನೇ. ಕನ್ನಡದಲ್ಲಿ “ಬೋರ್‌ವೆಲ್ ಬತ್ತಿದೆ” ಎಂದಿದ್ದದ್ದು ಇಂಗ್ಲಿಷಿನಲ್ಲಿ “ಬತ್ತಬಹುದೆಂಬ ಭಯ” ಆಗಿದ್ದರೆ ಕಥೆಯೇ ಬೇರೆಯಾಯಿತು. ಆಗಿಹೋದದ್ದು ಭಯವಾಗಿ ಬದಲಾದರೆ ಅದನ್ನು ಯಾರೂ ತನಿಖೆ ಮಾಡುವುದಿಲ್ಲ.

ಉತ್ತರಗಳ ಸಾಲನ್ನು ಓದುವಾಗ ಒಂದು ಸರಳ ಪರೀಕ್ಷೆ ಇಟ್ಟುಕೊಳ್ಳಬಹುದು. ಆ ಉತ್ತರವನ್ನು ಕತ್ತರಿಸಿ ಬೇರೆ ಯಾವುದೋ ಯೋಜನೆಯ ನಡಾವಳಿಗೆ ಅಂಟಿಸಿದರೂ ಹೊಂದುತ್ತದೆಯೇ? ಹೊಂದಿದರೆ ಅದು ಉತ್ತರವಲ್ಲ. “ಹಸಿರು ಪಟ್ಟಿ ಬೆಳೆಸಲಾಗುವುದು” ಎಲ್ಲಿಗೂ ಹೊಂದುತ್ತದೆ. “ಶಾಲೆಯ ಕಡೆಯ ಗಡಿಯಲ್ಲಿ ಮೊದಲ ವರ್ಷವೇ ಇಷ್ಟು ಸಸಿ, ಟಿಪ್ಪರ್‌ಗಳು ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಶಾಲೆ ರಸ್ತೆಗೆ ಬರುವುದಿಲ್ಲ” ಎಂಬುದು ಆ ಊರಿಗೆ ಮಾತ್ರ ಹೊಂದುತ್ತದೆ.

ತಪ್ಪು ಸಿಕ್ಕಿದರೆ ಇನ್ನೂ ಕಾಲ ಮಿಂಚಿಲ್ಲ. ಪ್ರದರ್ಶಿಸಿದ ನಡಾವಳಿಯ ಬಗ್ಗೆ ಯಾರು ಬೇಕಾದರೂ ತಮ್ಮ ಟಿಪ್ಪಣಿಯನ್ನು ನೇರವಾಗಿ ಅನುಮತಿ ಪ್ರಾಧಿಕಾರಕ್ಕೂ ಅರ್ಜಿದಾರರಿಗೂ ಕಳಿಸಬಹುದು ಎಂದು ಅದೇ ಅನುಬಂಧ ಹೇಳುತ್ತದೆ. ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ, ಯಾವ ಸಭೆಯಲ್ಲೂ ಯಾರೂ ಹೇಳುವುದೂ ಇಲ್ಲ. ರಾಜ್ಯ ಮಟ್ಟದಲ್ಲಿ ತೀರ್ಮಾನವಾಗುವ ಯೋಜನೆಯಾದರೆ ಬೆಂಗಳೂರಿನಲ್ಲಿರುವ ರಾಜ್ಯ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರಕ್ಕೆ, ಕೇಂದ್ರ ಮಟ್ಟದ್ದಾದರೆ ದೆಹಲಿಯ ಸಚಿವಾಲಯಕ್ಕೆ ಬರೆಯಬೇಕು. ನಡಾವಳಿಯ ಕ್ರಮಸಂಖ್ಯೆ ಉಲ್ಲೇಖಿಸಿ, ಅಲ್ಲಿ ಬರೆದಿರುವುದು ಹೀಗೆ, ಸಭೆಯಲ್ಲಿ ನಡೆದದ್ದು ಹೀಗೆ, ವಿಡಿಯೊದ ಇಂತಿಷ್ಟನೇ ನಿಮಿಷದಲ್ಲಿ ನೋಡಬಹುದು ಎಂದು ಬರೆದರೆ ಅದಕ್ಕಿಂತ ಗಟ್ಟಿ ಕಾಗದ ಇನ್ನೊಂದಿಲ್ಲ.

ನಿಮ್ಮ ಮಾತನ್ನು ತೂಗುವವರು

ಸಭೆಯ ನಂತರ ಅರ್ಜಿದಾರರು ಕರಡು ವರದಿಯನ್ನೂ ಪರಿಸರ ನಿರ್ವಹಣಾ ಯೋಜನೆಯನ್ನೂ ತಿದ್ದಿ ಅಂತಿಮ ವರದಿ ಸಲ್ಲಿಸಬೇಕು. ಅಧಿಸೂಚನೆ ಕೊಟ್ಟಿರುವ ಚೌಕಟ್ಟಿನಲ್ಲಿ ಸಾರ್ವಜನಿಕ ಸಮಾಲೋಚನೆಯ ಫಲಿತಾಂಶ ಬರುವುದು ಏಳನೇ ಅಧ್ಯಾಯದಲ್ಲಿ. ಅಂತಿಮ ವರದಿ ಮತ್ತು ಕಡತದ ಚಲನೆ ಸಚಿವಾಲಯದ ಪರಿವೇಶ್ ತಾಣದಲ್ಲಿ (parivesh.nic.in) ಸಿಗುತ್ತವೆ. ಅಲ್ಲಿ ಏಳನೇ ಅಧ್ಯಾಯ ತೆರೆದು, ಶಾಲೆಯ ದೂರ ತಿದ್ದಿದ್ದಾರೆಯೇ ಎಂದು ಮೂಲ ಅಧ್ಯಾಯಕ್ಕೂ ಹೋಗಿ ನೋಡಿ. ಏಳರಲ್ಲಿ “ಪರಿಗಣಿಸಲಾಗಿದೆ” ಎಂದು ಬರೆದು ಮೂಲದಲ್ಲಿ ಹಳೆಯ 1.2 ಕಿಲೋಮೀಟರನ್ನೇ ಉಳಿಸುವುದು ಮಾಮೂಲಿ ಎಡವಟ್ಟು.

ನಂತರ ಪರಿಣತರ ಮೌಲ್ಯಮಾಪನ ಸಮಿತಿ ವರದಿಯನ್ನೂ ನಡಾವಳಿಯನ್ನೂ ನೋಡಿ, 60 ದಿನದೊಳಗೆ ಶಿಫಾರಸು ಮಾಡಬೇಕು. ಅದರ ಮೇಲೆ ಪ್ರಾಧಿಕಾರಕ್ಕೆ 45 ದಿನ. ಸಮಿತಿಯ ಸಭೆಗೆ ಅರ್ಜಿದಾರರನ್ನು ಕರೆಯುತ್ತಾರೆ, ಆಕ್ಷೇಪಿಸಿದವರನ್ನು ಕರೆಯುವುದಿಲ್ಲ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ. ಒಂದು ಕಡೆಯವರು ಮೇಜಿನ ಎದುರು ಕೂತು ವಿವರಣೆ ಕೊಡುತ್ತಾರೆ, ಇನ್ನೊಂದು ಕಡೆಯವರ ಪರವಾಗಿ ಇರುವುದು ಕಾಗದ ಮಾತ್ರ. ನಡಾವಳಿಯ ಬಗ್ಗೆ ಇಷ್ಟು ಹಟ ಮಾಡಲು ಹೇಳುತ್ತಿರುವುದೂ ಅದಕ್ಕೇ.

ಸಮಿತಿ ಆ ಕಾಗದವನ್ನು ಹೇಗೆ ನೋಡಬೇಕು ಎಂಬುದರ ಬಗ್ಗೆ 2009ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ಉತ್ಕರ್ಷ ಮಂಡಲ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅದು ಗೋವಾದ ಗಣಿಯೊಂದಕ್ಕೆ ಸಂಬಂಧಿಸಿದ್ದು. ಆಲಿಕೆಯಲ್ಲಿ ಬಂದ ಆಕ್ಷೇಪಣೆಗಳನ್ನು ಸಮಿತಿ ಪರಿಶೀಲಿಸಿದೆ ಎಂಬುದು ಅದರ ದಾಖಲೆಯಲ್ಲೇ ಕಾಣಬೇಕು, ಒಪ್ಪಿದ್ದಕ್ಕೂ ತಳ್ಳಿದ್ದಕ್ಕೂ ಕಾರಣ ಇರಬೇಕು ಎಂದು ಕೋರ್ಟ್ ಹೇಳಿತು. ಸಮಿತಿಯ ಸಭಾ ನಡಾವಳಿಯೂ ಸಾರ್ವಜನಿಕ ದಾಖಲೆಯೇ, ಪರಿವೇಶ್‌ನಲ್ಲಿ ಸಿಗುತ್ತದೆ. ಅದರಲ್ಲಿ “ಆಲಿಕೆಯ ಅಂಶಗಳನ್ನು ಅರ್ಜಿದಾರರು ಸಮರ್ಪಕವಾಗಿ ಪರಿಹರಿಸಿದ್ದಾರೆ” ಎಂಬ ಒಂದೇ ಸಾಲು ಇದ್ದರೆ, ನಿಮ್ಮ ಆಕ್ಷೇಪಣೆ ಅಂಕಿ ಸಮೇತ ದಾಖಲಾಗಿದ್ದರೆ, ಮುಂದಿನ ವಾದಕ್ಕೆ ಅದೇ ಆಧಾರ.

ಇಷ್ಟಾದರೂ ಒಂದು ಮಾತು ಮುಚ್ಚಿಡಬಾರದು. ಆಲಿಕೆ ಸಭೆಯಿಂದ ಯೋಜನೆ ನಿಂತುಹೋಗುವುದು ವಿರಳ. ಹೆಚ್ಚು ಸಲ ಆಗುವುದು ಷರತ್ತು ಬದಲಾಗುವುದು. ಅದೇನು ಸಣ್ಣದಲ್ಲ. ಸಭೆಯಲ್ಲಿ ಬಂದ ಆತಂಕಗಳಿಗೆ ಅರ್ಜಿದಾರರು ಕೊಟ್ಟ ಭರವಸೆಗಳನ್ನು ಪರಿಸರ ನಿರ್ವಹಣಾ ಯೋಜನೆಯ ಭಾಗವಾಗಿಸಬೇಕೆಂದು ಸಚಿವಾಲಯ 2020ರ ಸೆಪ್ಟೆಂಬರ್ 30ರ ಜ್ಞಾಪನದಲ್ಲಿ ಸೂಚಿಸಿದೆ. ಅಂದರೆ ಅಂದು ಮೈಕಿನಲ್ಲಿ “ಬೋರು ಅಳೆಯುತ್ತೇವೆ” ಎಂದದ್ದು ನಡಾವಳಿಗೆ ಬಂದರೆ, ಅದು ನಿರ್ವಹಣಾ ಯೋಜನೆಗೆ, ಅಲ್ಲಿಂದ ಅನುಮತಿ ಪತ್ರದ ಷರತ್ತಿಗೆ ದಾರಿ ಮಾಡಿಕೊಳ್ಳುತ್ತದೆ. ನಡಾವಳಿಗೇ ಬಾರದ ಭರವಸೆಗೆ ಆ ದಾರಿಯೇ ಇಲ್ಲ.

ಅನುಮತಿ ಸಿಕ್ಕಿದ ಏಳು ದಿನದೊಳಗೆ ಅದನ್ನು ಸ್ಥಳೀಯ ಪತ್ರಿಕೆಗಳಲ್ಲಿ ಅರ್ಜಿದಾರರು ಪ್ರಕಟಿಸಬೇಕು. ಅದರ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ. ಸಕಾರಣ ತೋರಿಸಿದರೆ ಇನ್ನು 60 ದಿನ ಕೊಡಬಹುದು, ಅದಕ್ಕಿಂತ ಮೇಲೆ ಒಂದು ದಿನವೂ ಇಲ್ಲ. ಕರ್ನಾಟಕಕ್ಕೆ ಚೆನ್ನೈಯ ದಕ್ಷಿಣ ಪೀಠ. ಅನುಮತಿ ಎಲ್ಲಾದರೂ ಮೊದಲ ಸಲ ಬಹಿರಂಗವಾದ ದಿನದಿಂದಲೇ ಲೆಕ್ಕ ಶುರು ಎಂದುಕೊಳ್ಳುವುದು ಕ್ಷೇಮ.

ಮೇಲ್ಮನವಿಗೆ ಹೋಗದವರಿಗೂ ಒಂದು ಕೆಲಸ ಉಳಿದಿದೆ. ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತುಗಳ ಪಾಲನಾ ವರದಿ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ನಿಮ್ಮ ಊರಿನ ಗಣಿಯದ್ದನ್ನು ತರಿಸಿಕೊಳ್ಳಿ. ಬೋರು ಅಳೆಯುವ ಷರತ್ತಿನ ಎದುರು “ಪಾಲಿಸಲಾಗಿದೆ” ಎಂದಿದ್ದರೆ, ಯಾವ ದಿನ ಯಾರ ಬೋರು ಅಳೆದರು ಎಂದು ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು ಕೇಳಿ, ಪತ್ರದ ಜತೆ ನಡಾವಳಿಯ ಆ ಪುಟವನ್ನು ಲಗತ್ತಿಸಿ.